ತಾನಾಗಿ ಬಂದ ಚೀಟಿ

ಅತ್ತಿಗೆ ನಾದಿನಿ ಒಂದೇ ಅಂಗಡಿಯಲ್ಲಿ ಹತ್ತು ವರ್ಷ ದುಡಿದರೂ ಒಬ್ಬರ ಜುಟ್ಟು ಒಬ್ಬರು ಹಿಡಿಯಲಿಲ್ಲವಲ್ಲ ಎಂದು ನೆಂಟರೆಲ್ಲ ಬೆರಗಾಗುತ್ತಿದ್ದರು. ಬೆರಗಾಗುವಂಥದ್ದೇನೂ ಇರಲಿಲ್ಲ. ಕೆಲಸ ಮೊದಲೇ ಹಂಚಿಹೋಗಿತ್ತು. ತಂತಿ, ತಿರುಪು, ಪೆಟ್ಟಿಗೆ, ಪ್ರಿಂಟರು, ಕರೆಂಟು ಅತ್ತಿಗೆಯ ಪಾಲು. ಪರದೆಯ ಒಳಗಿನದೆಲ್ಲ ನಾದಿನಿಯದು. ಅತ್ತಿಗೆ ಶಾಲೆಗೆ ಹೋದದ್ದು ಆರನೇ ತರಗತಿಯವರೆಗೆ. ಮಿಕ್ಕ ವಿದ್ಯೆಯನ್ನೆಲ್ಲ ಅಪ್ಪನ ರೇಡಿಯೋ ಅಂಗಡಿಯ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತು ಕಲಿತದ್ದು. ನಾದಿನಿ ಡಿಪ್ಲೊಮಾ ಓದಿದವಳು. ಬಾಯಿ ಮಾತ್ರ ಅದಕ್ಕಿಂತ ಹೆಚ್ಚು ಓದಿತ್ತು.

ಜನ ಬೆರಳಿಂದ ಮುಟ್ಟಿ ಕೆಲಸ ಮಾಡಿಕೊಳ್ಳುವ ಕಿಯೋಸ್ಕ್ ಯಂತ್ರಗಳನ್ನು ಕೂರಿಸುವುದು ಅವರ ಕಸುಬು. ಆ ಸಲ ಕೆಲಸ ಬಂದದ್ದು ಒಂದು ರಕ್ತಪರೀಕ್ಷೆಯ ಲ್ಯಾಬಿನಿಂದ. ಬೆಳಗ್ಗೆ ಏಳಕ್ಕೇ ಖಾಲಿ ಹೊಟ್ಟೆಯ ಜನ ಬಾಗಿಲ ಹೊರಗೆ ಸಾಲುಗಟ್ಟುವ ಜಾಗ. ಬಂದವರು ಕಿಯೋಸ್ಕಿನಲ್ಲಿ ತಮ್ಮ ಫೋನ್ ನಂಬರು ಒತ್ತಬೇಕು, ಯಾವ ಪರೀಕ್ಷೆ ಎಂದು ಆರಿಸಬೇಕು. ಆಗ ಒಂದು ಅಂಟುಚೀಟಿ ಬರುತ್ತದೆ. ಅದರಲ್ಲಿ ಒಂದು ಸಂಖ್ಯೆ, ಕೆಳಗೆ ಗೀಟುಗೀಟಿನ ಗುರುತು. ಹೆಸರಿಲ್ಲ. ಹತ್ತು ಜನರ ಕಣ್ಣಿಗೆ ಬೀಳುವ ಚೀಟಿಯಲ್ಲಿ ರೋಗಿಯ ಹೆಸರು ಬೇಡ ಎಂದು ಲ್ಯಾಬಿನವರೇ ಹೇಳಿದ್ದರು. ಆ ಚೀಟಿಯನ್ನು ಒಳಗೆ ರಕ್ತದ ಕೊಳವೆಗೆ ಅಂಟಿಸುತ್ತಾರೆ. ಆಮೇಲೆ ಆ ರಕ್ತ ಯಾರದು ಎಂದು ಹೇಳುವುದು ಆ ಚೀಟಿಯೊಂದೇ.

ಮ್ಯಾನೇಜರು ಎರಡು ಷರತ್ತು ಹಾಕಿದರು. "ಒಂದು, ಯಾರೇ ಏನೇ ಒತ್ತಿದ್ರೂ ನಮ್ಮ ಆ್ಯಪ್ ಬಿಟ್ಟು ಆಚೆ ಹೋಗಬಾರದು. ಎರಡು, ಕೆಟ್ಟುಹೋದ್ರೆ ತಾನೇ ಎದ್ದು ಕೂರಬೇಕು. ಎರರ್ ಗಿರರ್ ಅಂತ ಇಂಗ್ಲಿಷಿನಲ್ಲಿ ಏನೂ ಕಾಣಬಾರದು. ಹಳೇ ಮಷೀನು ಒಂದ್ಸಲ ಕೆಂಪಗೆ ಎರರ್ ಅಂದಿದ್ದಕ್ಕೆ ಒಬ್ರು ತಮಗೇ ಏನೋ ರೋಗ ಬಂತು ಅಂತ ಅತ್ತುಬಿಟ್ರು."

"ಆಗಲಿ ಸಾರ್," ಎಂದಳು ನಾದಿನಿ. "ಬಿದ್ರೂ ಮೀಸೆ ಮಣ್ಣಾಗದ ಹಾಗೆ ಮಾಡಿಕೊಡ್ತೀವಿ."

ಹಾಗೇ ಮಾಡಿದಳು. ಯಂತ್ರ ಹೊತ್ತಿಕೊಂಡ ಕೂಡಲೇ ಡೆಸ್ಕ್‌ಟಾಪ್ ಬರುವ ಬದಲು ನೇರ ಆ ಒಂದೇ ಆ್ಯಪ್ ತೆರೆಯುವಂತೆ ಕಟ್ಟಿದಳು. ಪರದೆಯ ಅಂಚಿನಿಂದ ಬೆರಳೆಳೆದರೆ ಬರುವ ಪಟ್ಟಿಗಳನ್ನು ಮುಚ್ಚಿದಳು. ಮೂರು ಬೆರಳು, ನಾಲ್ಕು ಬೆರಳಿನ ಎಳೆತ, ಒತ್ತಿ ಹಿಡಿದರೆ ತೆರೆಯುವ ಮೆನು, ಚಿವುಟಿ ಹಿಗ್ಗಿಸುವುದು, ಒಂದೊಂದನ್ನೂ ಬಂದ್ ಮಾಡಿದಳು. ಕೀಲಿಮಣೆ ಚುಚ್ಚುವ ತೂತುಗಳನ್ನು ಅತ್ತಿಗೆ ಪೆಟ್ಟಿಗೆಯ ಒಳಗೆ ಸೇರಿಸಿ ಬೀಗ ಜಡಿದಳು. ಕರೆಂಟು ಹೋಗಿ ಬಂದರೆ ಯಾರೂ ಗುಂಡಿ ಒತ್ತದೆ ಯಂತ್ರ ತಾನೇ ಹೊತ್ತಿಕೊಳ್ಳುವ ಸೆಟ್ಟಿಂಗನ್ನೂ ಹಾಕಿದ್ದಾಯಿತು. ಒಳಹೋಗಲು ಉಳಿದದ್ದು ಒಂದೇ ದಾರಿ: ಎಡಗಡೆ ಮೇಲಿನ ಮೂಲೆಯನ್ನು ಐದು ಸಲ ತಟ್ಟಬೇಕು, ಆಮೇಲೆ ಎಂಟು ಅಂಕಿಯ ಗುಟ್ಟು.

ಕೊನೆಗೆ ಕಾವಲುನಾಯಿ. ಕಸುಬಿನವರು ಅದಕ್ಕೆ ಇಟ್ಟುಕೊಂಡ ಹೆಸರೇ ಅದು. ಅದೊಂದು ಪುಟ್ಟ ಪ್ರೋಗ್ರಾಂ, ಹತ್ತು ಸೆಕೆಂಡಿಗೊಮ್ಮೆ ಆ್ಯಪನ್ನು "ಇದ್ದೀಯಾ?" ಎಂದು ಕೇಳುತ್ತದೆ. ಮೂರು ಸಲ ಕೇಳಿಯೂ ಉತ್ತರ ಬಾರದಿದ್ದರೆ ಆ್ಯಪನ್ನು ಕೊಂದು ಮತ್ತೆ ಹುಟ್ಟಿಸುತ್ತದೆ. ಕಾಲು ಗಂಟೆಯೊಳಗೆ ಮೂರು ಸಲ ಹಾಗಾದರೆ ಇಡೀ ಯಂತ್ರವನ್ನೇ ಆರಿಸಿ ಎಬ್ಬಿಸುತ್ತದೆ. ಅಷ್ಟು ಹೊತ್ತೂ ನೋಡುವವರಿಗೆ ಕಾಣುವುದು ಕಪ್ಪು ಪರದೆ, ಆಮೇಲೆ "ಸ್ವಾಗತ" ಎನ್ನುವ ಪುಟ.

ಒಂದು ಪೂರ್ತಿ ದಿನ ಪರೀಕ್ಷೆ ಮಾಡಿದರು. ಅತ್ತಿಗೆ ಹತ್ತು ಬೆರಳಲ್ಲೂ ಪರದೆಯನ್ನು ನಾದಿದಳು, ಒದ್ದೆ ಬಟ್ಟೆಯಿಂದ ಉಜ್ಜಿದಳು, ಪ್ಲಗ್ ಕಿತ್ತಳು.

"ಹಿಟ್ಟು ನಾದೋ ಹಾಗೆ ನಾದ್ತಿದೀರಲ್ಲ ಅತ್ತಿಗೆ, ಅದಕ್ಕೂ ಜೀವ ಇದೆ."

"ಜೀವ ಇದ್ರೆ ತಡ್ಕೊಳ್ಳಲಿ. ನಾಳೆ ಬರೋರು ಇದಕ್ಕಿಂತ ಒರಟು."

ಅವರಿಬ್ಬರಲ್ಲಿ ಒಂದು ರೂಢಿ ಇತ್ತು, ಅತ್ತಿಗೆ ಹಾಕಿದ್ದು. ಯಂತ್ರವನ್ನು ಬೇಕೆಂದೇ ಇಪ್ಪತ್ತು ಸಲ ಬೀಳಿಸಿ, ಅಂದರೆ ಕೆಡಿಸಿ, ಎಬ್ಬಿಸುವಾಗ ಪ್ರಿಂಟರನ್ನು ಆರಿಸಿಡುವುದು. ಅಂಟುಕಾಗದದ ಸುರುಳಿ ಗಿರಾಕಿಯದು, ದಂಡ ಮಾಡಬಾರದು ಎನ್ನುವುದು ಅವಳ ಲೆಕ್ಕ. ಪ್ರಿಂಟರು ಆರಿದ್ದರೆ ಅಚ್ಚಾಗಬೇಕಾದ ಚೀಟಿಗಳು ಯಂತ್ರದ ಹೊಟ್ಟೆಯಲ್ಲಿ ಸಾಲಾಗಿ ಕೂರುತ್ತವೆ. ಸಂಜೆ ಕೆಲಸ ಮುಗಿದ ಮೇಲೆ ನಾದಿನಿ ಒಳಹೊಕ್ಕು ಆ ಸಾಲನ್ನು ಕೈಯಾರೆ ಅಳಿಸುತ್ತಾಳೆ. ಆಮೇಲೆ ಪ್ರಿಂಟರು ಹಾಕಿ ಒಂದು ಚೀಟಿ ತೆಗೆದು ನೋಡುತ್ತಾರೆ. ನಾಲ್ಕು ಕಡೆ ಹೀಗೇ ಮಾಡಿದ್ದರು, ಇಲ್ಲೂ ಹೀಗೇ ಮಾಡಿದರು. ಚೀಟಿ ಅಚ್ಚುಕಟ್ಟಾಗಿ ಬಂತು.

ಹನ್ನೊಂದು ದಿನ ಕಳೆದ ಮೇಲೆ ಅತ್ತಿಗೆ ಧೂಳು ಒರೆಸಲು, ತಿರುಪು ಬಿಗಿಮಾಡಲು ಲ್ಯಾಬಿಗೆ ಹೋದಳು. ಹತ್ತು ಗಂಟೆ ದಾಟಿತ್ತು, ಬೆಳಗಿನ ನೂಕುನುಗ್ಗಲು ಇಳಿದಿತ್ತು. ಕೌಂಟರಿನ ಮುಂದೆ ಒಬ್ಬರು ಮುದುಕರು ಮಗಳೊಂದಿಗೆ ನಿಂತಿದ್ದರು. ದನಿ ಜೋರಿರಲಿಲ್ಲ, ಆದರೆ ಹಟ ಇತ್ತು.

"ನಾನು ಇಲ್ಲಿ ರಕ್ತ ಕೊಟ್ಟಿದೀನಮ್ಮ. ಹೋದ ಗುರುವಾರ."

"ಅಜ್ಜ, ಕಂಪ್ಯೂಟರಿನಲ್ಲಿ ನಿಮ್ಮ ನಂಬರೇ ಇಲ್ಲ. ನೀವು ಆ ದಿನ ಬಂದೇ ಇಲ್ಲ," ಎಂದಳು ಕೌಂಟರಿನ ಹುಡುಗಿ.

"ಬಂದಿದ್ದೆ. ಸೂಜಿ ಚುಚ್ಚಿಸ್ಕೊಂಡಿದ್ದೆ."

ಮಗಳು ಅಪ್ಪನ ತೋಳು ಹಿಡಿದು ಸಣ್ಣಗೆ ಹೇಳಿದಳು, "ಅಪ್ಪಾ, ಹೋಗೋಣ ಬಾ. ಇನ್ನೊಂದ್ಸಲ ಕೊಟ್ರಾಯ್ತು." ಆಮೇಲೆ ಕೌಂಟರಿನ ಕಡೆ ಬಾಗಿ, ಅಪ್ಪನಿಗೆ ಕೇಳಿಸದು ಎಂದುಕೊಂಡು, "ಈಚೆಗೆ ಮರೆವು ಶುರುವಾಗಿದೆ. ಡಾಕ್ಟರಿಗೂ ತೋರಿಸಬೇಕು ಅಂತಿದೀನಿ," ಎಂದಳು.

ಅವರಿಗೆ ಕೇಳಿಸಿತು. "ನಲವತ್ತಾರು ವರ್ಷ ಗಡಿಯಾರ ರಿಪೇರಿ ಮಾಡಿದೀನಿ ಕಣೇ," ಎಂದರು. "ಹೆಸರು ಮರೀತೀನಿ, ಮುಖ ಮರೀತೀನಿ, ಹೊತ್ತು ಮರೆಯಲ್ಲ. ಆ ಮಷೀನಿನ ಮುಂದೆ ನಿಂತಾಗ ಅದು ಕಪ್ಪಗಿತ್ತು. ನೋಡ್ತಾ ನಿಂತೆ. ತಾನೇ ಹೊತ್ಕೊಂತು, ಚೀಟಿ ತಾನೇ ಬಂತು. ಆಗ ಈ ಗೋಡೆ ಗಡಿಯಾರದಲ್ಲಿ ಎಂಟೂ ಹದಿನೇಳು. ಇದು ನಾಲ್ಕು ನಿಮಿಷ ಹಿಂದಿದೆ. ಅಂದ್ರೆ ಎಂಟೂ ಇಪ್ಪತ್ತೊಂದು."

ಕೌಂಟರಿನ ಹುಡುಗಿ ನಗು ತಡೆದುಕೊಂಡಳು. ಅತ್ತಿಗೆಯ ಕೈಯಲ್ಲಿದ್ದ ತಿರುಪುಳಿ ಮಾತ್ರ ಹಾಗೇ ನಿಂತುಬಿಟ್ಟಿತು.

"ಚೀಟಿ ತಾನೇ ಬಂತಾ? ನೀವು ಏನನ್ನೂ ಒತ್ತಲಿಲ್ವಾ?" ಎಂದು ಕೇಳಿದಳು.

"ಒತ್ತೋಕೆ ಏನಿತ್ತು? ಬಂತು, ತಗೊಂಡೆ. ಹೊಸ ಥರದ್ದು, ಮುಖ ನೋಡೇ ಕೊಡುತ್ತೇನೋ ಅಂದ್ಕೊಂಡೆ."

ಅವರನ್ನು ಕುರ್ಚಿಯಲ್ಲಿ ಕೂರಿಸಿ ಅತ್ತಿಗೆ ನಾದಿನಿಗೆ ಫೋನ್ ಮಾಡಿದಳು. ಮೂಲೆಯನ್ನು ಐದು ಸಲ ತಟ್ಟಿ ಗುಟ್ಟಿನ ಅಂಕಿ ಒತ್ತಿ ಒಳಹೊಕ್ಕಳು. ಯಂತ್ರ ತನ್ನ ಬಾಳನ್ನೆಲ್ಲ ಒಂದು ಕಡೆ ಬರೆದಿಡುತ್ತದೆ; ಆ ಪಟ್ಟಿಯ ಗುರುವಾರದ ಪುಟವನ್ನು ಅವಳು ಓದುತ್ತಾ ಹೋದಳು, ಆ ಕಡೆಯಿಂದ ನಾದಿನಿ ಕೇಳುತ್ತಾ ಹೋದಳು.

"ಎಂಟೂ ಹದಿನಾಲ್ಕು, ಪ್ರಿಂಟರ್ ಮುಚ್ಚಳ ತೆರೆದಿದೆ ಅಂತ ಬರೆದಿದೆ."

"ಸುರುಳಿ ಬದಲಾಯಿಸಿದೋರು ಸರಿಯಾಗಿ ಮುಚ್ಚಿಲ್ಲ. ಆ್ಯಪ್ ಪ್ರಿಂಟರನ್ನ ಕಾಯ್ತಾ ಕೂತಿರುತ್ತೆ, ನಾಯಿಗೆ ಉತ್ತರ ಕೊಡಲ್ಲ. ಮುಂದೆ?"

"ಅದೇ ನಿಮಿಷ, ಚೀಟಿ ಮೂವತ್ತೊಂದು ಅಚ್ಚಿಗೆ ಕಳಿಸಿದೆ. ಆಮೇಲೆ ಆ್ಯಪ್ ಸತ್ತು ಹುಟ್ಟಿದ್ದು ಮೂರು ಸಲ. ಎಂಟೂ ಹದಿನೆಂಟಕ್ಕೆ ಯಂತ್ರವೇ ಆರಿ ಎದ್ದಿದೆ. ಅಷ್ಟರಲ್ಲಿ ಮುಚ್ಚಳ ಮುಚ್ಚಿದೆ ಅಂತಾನೂ ಇದೆ. ಯಾರೋ ತಟ್ಟಿರಬೇಕು." ಅತ್ತಿಗೆ ಪಟ್ಟಿಯನ್ನು ಇನ್ನಷ್ಟು ಮೇಲೆ ಸರಿಸಿದಳು. "ಎಂಟೂ ಇಪ್ಪತ್ತೊಂದು, ಚೀಟಿ ಮೂವತ್ತೊಂದು ಅಚ್ಚಾಗಿದೆ."

ಫೋನಿನಲ್ಲಿ ಕೀಲಿಮಣೆಯ ಟಕಟಕ ಕೇಳಿಸಿತು.

"ಸಾಲು," ಎಂದಳು ನಾದಿನಿ. "ಅಚ್ಚಿನ ಸಾಲು ಡಿಸ್ಕಿನಲ್ಲಿ ಕೂರುತ್ತೆ ಅತ್ತಿಗೆ. ಯಂತ್ರ ಆರಿ ಎದ್ರೂ ಅಳಿಸಿಹೋಗಲ್ಲ. ಎದ್ದ ತಕ್ಷಣ ಉಳಿದಿದ್ದನ್ನ ಅಚ್ಚು ಹಾಕುತ್ತೆ. ನಾವು ಪ್ರತಿ ಸಲ ಕೈಯಲ್ಲೇ ಅಳಿಸ್ತಿದ್ವಿ. ಏಳುವಾಗ ತಾನೇ ಅಳಿಸ್ಕೊಳ್ಳೋ ಹಾಗೆ ನಾನು ಬರೆಯಲೇ ಇಲ್ಲ."

"ಬರೀಬೇಕು ಅನ್ನೋದು ಗೊತ್ತಾಗದ ಹಾಗೆ ಮಾಡಿದ್ದು ನಾನು," ಎಂದಳು ಅತ್ತಿಗೆ. "ಪ್ರಿಂಟರು ಹಾಕಿಟ್ಟು ಒಂದೇ ಒಂದು ಸಲ ಬೀಳಿಸಿದ್ರೆ ಕಣ್ಣೆದುರಿಗೇ ಬರ್ತಿತ್ತು."

ಮೂವತ್ತೊಂದನ್ನು ಒತ್ತಿದವರು ಬೇರೆ ಯಾರೋ. ಪರದೆ ಕಪ್ಪಾದಾಗ ಅವರು ಕೂರಲು ಹೋಗಿರಬೇಕು. ಬದಲಿಗೆ ಬಂದು ನಿಂತ ಗಡಿಯಾರದ ಅಜ್ಜನ ಕೈಗೆ ಆ ಚೀಟಿ ಸಿಕ್ಕಿದೆ. ಅಜ್ಜನ ರಕ್ತ ಇನ್ನೊಬ್ಬರ ಹೆಸರಿಗೆ ಹೋಗಿದೆ.

ಅತ್ತಿಗೆ ಒಳಕೋಣೆಗೆ ಹೋಗಿ ರಕ್ತ ತೆಗೆಯುವಾಕೆಯನ್ನು ಹುಡುಕಿದಳು. ಎಲ್ಲರೂ ಅವಳನ್ನು ಸೂಜಿ ಅಕ್ಕ ಎನ್ನುತ್ತಿದ್ದರು. ನೋವಾಗದ ಹಾಗೆ ಚುಚ್ಚುತ್ತಾಳೆ ಎಂದು ಹೆಸರು. ಕಂಪ್ಯೂಟರು ತೆಗೆದು ಸೂಜಿ ಅಕ್ಕ ಮೂವತ್ತೊಂದನ್ನು ನೋಡಿದಳು, ಮುಖ ಸಪ್ಪಗಾಯಿತು.

"ಇವರು ಹೊಲಿಗೆ ಟೀಚರ್. ಹೃದಯದ ಕವಾಟ ಬದಲಾಯಿಸಿದೆ, ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ. ಎಷ್ಟು ತೆಳುವಾಗಿದೆ ಅಂತ ತಿಂಗಳಿಗೊಮ್ಮೆ ಇಲ್ಲಿ ನೋಡಿಸ್ತಾರೆ. ಆವತ್ತು ಇವರ ಹೆಸರಲ್ಲಿ ಎರಡು ಚೀಟಿ ಇದೆ, ಮೂವತ್ತೊಂದು, ಮೂವತ್ತೆರಡು. ಮೊದಲನೇದು ಬರಲಿಲ್ಲ ಅಂತ ಮತ್ತೆ ಒತ್ತಿರಬೇಕು. ಒಂದೇ ದಿನ ಒಂದೇ ಪರೀಕ್ಷೆ ಎರಡು ಸಲ ಬಂದ್ರೆ ಎರಡನೇದನ್ನ ಮಾಡಲ್ಲ, ಪಕ್ಕಕ್ಕಿಡ್ತೀವಿ."

"ಮೂವತ್ತೊಂದರಲ್ಲಿ ಎಷ್ಟು ಬಂತು?"

"ಒಂದು. ಮಾತ್ರೆ ತಗೊಳ್ಳದೇ ಇರೋರಿಗೆ ಬರೋದು ಅಷ್ಟೇ. ರಕ್ತ ತೆಳುವಾದಷ್ಟೂ ಈ ಅಂಕಿ ಏರುತ್ತೆ. ಇವರಿಗೆ ಎರಡೂವರೆ, ಮೂರು ಇರಬೇಕು." ಸೂಜಿ ಅಕ್ಕ ಬಾಯಿ ಮೇಲೆ ಕೈಯಿಟ್ಟಳು. "ಇದನ್ನ ನೋಡಿದ ಡಾಕ್ಟರು, ಮಾತ್ರೆ ಸಾಲ್ತಿಲ್ಲ ಅಂತ ಜಾಸ್ತಿ ಮಾಡಿರ್ತಾರೆ."

ಗುರುವಾರದಿಂದ ಅವತ್ತಿಗೆ ಆರನೇ ದಿನ.

ಮ್ಯಾನೇಜರು ಎಲ್ಲವನ್ನೂ ಕೇಳಿಸಿಕೊಂಡರು. ಕೆಟ್ಟವರಲ್ಲ. ಆದರೆ ಕುರ್ಚಿಯ ಮೇಲೆ ಕೂತವರಿಗೆ ಮೊದಲು ಕಾಣುವುದು ಕುರ್ಚಿಯೇ. "ನೋಡಿಮ್ಮ, ಅದು ಖಂಡಿತ ಹಾಗೇ ಆಗಿದೆ ಅಂತ ಹೇಗೆ ಹೇಳ್ತೀರಿ? ಒಬ್ಬ ಮರೆಗುಳಿ ಮುದುಕ ಹೇಳಿದ್ದು. ಮೊದಲು ಎಲ್ಲ ಕೂಲಂಕಷ ನೋಡೋಣ. ನಾಳೆ ಮಾಲೀಕರು ಬರ್ತಾರೆ, ಅವರ ಹತ್ರ ಮಾತಾಡಿ ಆಮೇಲೆ ಫೋನ್ ಮಾಡಿದ್ರಾಯ್ತು."

"ಅವರು ಹೇಳಿದ ನಿಮಿಷವೂ ಯಂತ್ರ ಬರೆದಿಟ್ಟ ನಿಮಿಷವೂ ಒಂದೇ ಸಾರ್."

"ಇದು ಹೊರಗೆ ಹೋದ್ರೆ ನಿಮ್ಮ ಅಂಗಡಿಗೂ ಒಳ್ಳೇದಲ್ಲ. ಯೋಚನೆ ಮಾಡಿ."

ಅತ್ತಿಗೆ ಯೋಚನೆ ಮಾಡದೆ ಇರಲಿಲ್ಲ. ಹತ್ತು ವರ್ಷದ ಅಂಗಡಿ ಅದು, ನಾದಿನಿಯ ಇಬ್ಬರು ಮಕ್ಕಳ ಅನ್ನ. ಯಂತ್ರ ಬಿದ್ದದ್ದನ್ನು ಯಾರಿಗೂ ತೋರಿಸಬೇಡ ಎಂದು ಇದೇ ಮನುಷ್ಯ ಕೇಳಿದ್ದು, ತಾವು ಹೂಂ ಎಂದು ತಲೆಯಾಡಿಸಿದ್ದು ನೆನಪಾಯಿತು. ಕಪ್ಪು ಪರದೆಯ ಮೇಲೆ "ನಿಮ್ಮ ಚೀಟಿ ಬರಲಿಲ್ಲ" ಎಂದು ಒಂದು ಸಾಲು ಇದ್ದಿದ್ದರೆ ಟೀಚರು ಕೂರಲು ಹೋಗುತ್ತಿರಲಿಲ್ಲ, ಅಜ್ಜ ಕೈ ಚಾಚುತ್ತಿರಲಿಲ್ಲ.

"ಸಾರ್," ಎಂದಳು, "ನಾಳೆ ಅನ್ನೋದ್ರೊಳಗೆ ಅವರು ಇನ್ನೊಂದು ಮಾತ್ರೆ ನುಂಗಿರ್ತಾರೆ. ತಪ್ಪು ನಮ್ಮ ಕೈಯದು ಅಂತ ಬರೆದು ಸಹಿ ಹಾಕಿ ಕೊಡ್ತೀನಿ. ನೀವು ಫೋನ್ ಮಾಡದೇ ಇದ್ರೆ ನಾನೇ ಅವರ ಮನೆ ಹುಡುಕ್ಕೊಂಡು ಹೋಗ್ತೀನಿ."

ಮಾತು ಮುಗಿಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಸೂಜಿ ಅಕ್ಕ ತನ್ನ ಫೋನಿನಲ್ಲಿ ನಂಬರು ಒತ್ತಿಯಾಗಿತ್ತು. ಮ್ಯಾನೇಜರು ನೋಡಿದರು, ಬೇಡ ಎನ್ನಲಿಲ್ಲ.

ಹೊಲಿಗೆ ಟೀಚರೇ ಫೋನ್ ಎತ್ತಿದರು. ಹೌದು, ಮಾತ್ರೆ ಶುಕ್ರವಾರದಿಂದ ಜಾಸ್ತಿಯಾಗಿದೆ. ಹೌದು, ನಿನ್ನೆ ಬೆರಳಿಗೆ ಸೂಜಿ ಚುಚ್ಚಿಕೊಂಡದ್ದು ನಿಲ್ಲಲೇ ಇಲ್ಲ, ಬಿಳಿ ಬಟ್ಟೆ ಹಾಳಾಯಿತು. ತೋಳಿನ ಮೇಲೆ ಕಲೆ ಬಿದ್ದಿದೆ, ವಯಸ್ಸಿನದ್ದಿರಬೇಕು ಎಂದುಕೊಂಡಿದ್ದೆ. ಲ್ಯಾಬು ಎರಡು ಬೀದಿ ಆಚೆ ತಾನೇ, ಆಟೋ ಹಿಡಿದು ಬರುತ್ತೇನೆ.

ಬಂದರು. ಅರವತ್ತು ದಾಟಿದ, ಬೆನ್ನು ನೆಟ್ಟಗಿಟ್ಟುಕೊಂಡೇ ನಡೆಯುವ ಹೆಂಗಸು. ರವಿಕೆಯ ತೋಳು ಮೇಲೆತ್ತಿದಾಗ ನೇರಳೆಹಣ್ಣು ಹಿಚುಕಿದ ಹಾಗೆ ನಾಲ್ಕು ಕಡೆ ಕಪ್ಪುನೀಲಿ. ಸೂಜಿ ಅಕ್ಕ ಹೆಸರು ಕೇಳಿ, ಎರಡನೇ ಸಲ ಕೇಳಿ, ಕೊಳವೆಯ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ರಕ್ತ ತೆಗೆದಳು. ಚುಚ್ಚಿದ ಜಾಗವನ್ನು ಒತ್ತಿಹಿಡಿದವಳು ಬಹಳ ಹೊತ್ತು ಬಿಡಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಫಲಿತಾಂಶ ಬಂತು. ಎಂಟರ ಹತ್ತಿರ. ಲ್ಯಾಬಿನ ಡಾಕ್ಟರು ದೊಡ್ಡಾಸ್ಪತ್ರೆಗೆ ಫೋನ್ ಮಾಡಿ, ರಕ್ತ ತೆಳುವಾಗಿರುವುದನ್ನು ಇಳಿಸುವ ಔಷಧಿ ತಯಾರಿಡಿ, ತಲೆಯ ಒಳಗೆ ರಕ್ತ ಸೋರಿದೆಯೇ ಎಂದು ನೋಡಬೇಕು ಎಂದರು. ಆ್ಯಂಬುಲೆನ್ಸು ಹೊರಟಿದೆ, ಟೀಚರ ಮಗ ನೇರ ಆಸ್ಪತ್ರೆಗೇ ಬರುತ್ತಾನೆ ಎಂದಾಯಿತು.

ಕಾಯುವಾಗ ಬೆಂಚಿನ ಮೇಲೆ ಟೀಚರು, ಅತ್ತಿಗೆ ಇಬ್ಬರೇ.

"ನೀವು ಯಾರಮ್ಮ? ನರ್ಸಾ?" ಎಂದರು ಟೀಚರು.

"ಅಲ್ಲ. ಆ ಯಂತ್ರ ಕೂರಿಸಿದವಳು." ಅತ್ತಿಗೆ ಚೀಟಿಯ ಕಥೆಯನ್ನು ಬಿಡಿಸಿ ಹೇಳಿದಳು. ಪ್ರಿಂಟರು ಆರಿಸಿಟ್ಟು ಪರೀಕ್ಷೆ ಮಾಡಿದ್ದನ್ನೂ ಮುಚ್ಚಿಡಲಿಲ್ಲ. ಟೀಚರು ಮಧ್ಯೆ ಬಾಯಿ ಹಾಕದೆ ಕೇಳಿದರು. ಪಾಠ ಒಪ್ಪಿಸುವ ಮಕ್ಕಳ ಮಾತನ್ನು ಕೇಳಿ ಅಭ್ಯಾಸವಿದ್ದವರು.

"ಆ ಅಜ್ಜ ಇವತ್ತು ಜಗಳಕ್ಕೆ ಬರದೇ ಇದ್ದಿದ್ರೆ?"

"ಗೊತ್ತಾಗ್ತಿರಲಿಲ್ಲ."

"ಯಾವತ್ತೂ?"

"ನೀವು ಬಿದ್ಮೇಲೂ ಗೊತ್ತಾಗ್ತಿರಲಿಲ್ಲ ಟೀಚರ್. ಹೃದಯದ ರೋಗಿ, ವಯಸ್ಸಾಗಿತ್ತು ಅಂದ್ಕೊಂಡಿರೋರು."

ಟೀಚರು ರವಿಕೆಯ ತೋಳನ್ನು ಕೆಳಗೆಳೆದುಕೊಂಡರು. ಎದುರು ಕುರ್ಚಿಯಲ್ಲಿ ಗಡಿಯಾರದ ಅಜ್ಜ ಇನ್ನೂ ಕೂತಿದ್ದರು; ಮಗಳು ಅವರ ಪಕ್ಕದಲ್ಲಿ ನೆಲ ನೋಡುತ್ತಾ, ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಿದ್ದಳು. ಅಜ್ಜ ಅದನ್ನು ಬಿಡಿಸಿಕೊಳ್ಳಲೂ ಇಲ್ಲ, ಅವಳ ಕಡೆ ತಿರುಗಲೂ ಇಲ್ಲ.

"ಇದೇ ಥರದ್ದು ಬೇರೆ ಕಡೆ ಕೂರಿಸಿದೀರಾ?" ಎಂದರು ಟೀಚರು.

ಅತ್ತಿಗೆ ಆ ಪ್ರಶ್ನೆಯನ್ನು ತನಗೆ ತಾನೇ ಇನ್ನೂ ಕೇಳಿಕೊಂಡಿರಲಿಲ್ಲ. ಬೆರಳು ಮಡಚಿ ಎಣಿಸಿದಳು. "ನಾಲ್ಕು ಕಡೆ. ಒಂದು ಕಣ್ಣಾಸ್ಪತ್ರೆ, ಒಂದು ಔಷಧಿ ಅಂಗಡಿ. ಇನ್ನೆರಡು ಕಚೇರಿ."

"ಹಾಗಿದ್ದೂ ಇಲ್ಲಿ ನನ್ನ ಮುಖ ನೋಡ್ತಾ ಕೂತಿದೀರಲ್ಲ. ನನಗೆ ಗಾಡಿ ಬರುತ್ತೆ. ಎದ್ದು ಹೋಗಿ."

ಅತ್ತಿಗೆ ಎದ್ದಳು. ಹೋಗುವ ಮೊದಲು ಆ ಕಿಯೋಸ್ಕಿನ ಪ್ಲಗ್ ಕಿತ್ತು, ತಂತಿ ಸುತ್ತಿ, ಪೆಟ್ಟಿಗೆಯ ಮೇಲೆ "ಕೆಟ್ಟಿದೆ, ಕೌಂಟರಿಗೆ ಹೋಗಿ" ಎಂದು ತನ್ನ ಸೊಟ್ಟ ಅಕ್ಷರದಲ್ಲಿ ಬರೆದು ಅಂಟಿಸಿದಳು. ಮ್ಯಾನೇಜರು ಗಾಜಿನ ಆಚೆಯಿಂದ ನೋಡುತ್ತಿದ್ದರು.

ಮಧ್ಯಾಹ್ನದ ಬಿಸಿಲಿನಲ್ಲಿ ಅತ್ತಿಗೆ ನಾದಿನಿ ಕಣ್ಣಾಸ್ಪತ್ರೆಯ ಕಿಯೋಸ್ಕಿನ ಮುಂದೆ ನಿಂತಿದ್ದರು. ನಾದಿನಿಯ ಬಾಯಿ ಅವತ್ತು ಮಾತು ಮರೆತಿತ್ತು. ಯಂತ್ರ ಏಳುವಾಗ ಅಚ್ಚಿನ ಸೇವೆ ನಿಲ್ಲಿಸಿ, ಸಾಲಿನಲ್ಲಿದ್ದದ್ದನ್ನು ಅಳಿಸಿ, ಆ ಸಂಖ್ಯೆ ರದ್ದಾಯಿತು ಎಂದು ಪರದೆಯ ಮೇಲೆ ಹೇಳಿ, ಆಮೇಲಷ್ಟೇ ಆ್ಯಪ್ ತೆರೆಯುವ ಹಾಗೆ ಅವಳು ಬರೆದಳು. ಪ್ರಿಂಟರು ಹಾಕಿಟ್ಟೇ ಬೀಳಿಸಿದರು, ಎಬ್ಬಿಸಿದರು, ಮತ್ತೆ ಬೀಳಿಸಿದರು. ಚೀಟಿ ಬರಲಿಲ್ಲ. ಹಳೆಯ ಪಟ್ಟಿ ತೆಗೆದು ತಿಂಗಳುಗಟ್ಟಲೆ ಹಿಂದಕ್ಕೆ ಓದಿದರು. ಇಲ್ಲಿ ಹಾಗೆ ತಾನಾಗಿ ಬಂದ ಚೀಟಿ ಎರಡು. ಎರಡೂ ಬರೀ ಸರದಿಯ ಸಂಖ್ಯೆ. ಯಾರೋ ಸ್ವಲ್ಪ ಬೇಗ ಒಳಹೋಗಿರುತ್ತಾರೆ, ಯಾರೋ ಸುಮ್ಮನೆ ಕಾದಿರುತ್ತಾರೆ. ಆ ಎರಡು ಹೊತ್ತನ್ನೂ ಬರೆದು ಅಲ್ಲಿನವರ ಕೈಗೆ ಕೊಟ್ಟಾಗ ಅವರು ಇವರಿಬ್ಬರ ಮುಖವನ್ನೂ ಒಮ್ಮೆ ನೋಡಿ, "ಈಗ್ಯಾಕೆ ಹೇಳ್ತಿದೀರಿ?" ಎಂದರು. ಅತ್ತಿಗೆ ತನ್ನ ಫೋನ್ ನಂಬರನ್ನೂ ಆ ಕಾಗದದ ಮೇಲೆ ಬರೆದುಕೊಟ್ಟಳು.

ಔಷಧಿ ಅಂಗಡಿಯ ಬಾಗಿಲಲ್ಲಿ ಫೋನ್ ಬಂತು. ಟೀಚರ ಮಗ.

"ತಲೇಲಿ ರಕ್ತ ಇಲ್ವಂತೆ. ಹೊಟ್ಟೇಲಿ ಸ್ವಲ್ಪ ಸೋರಿದೆ, ಇಂಜೆಕ್ಷನ್ ಕೊಟ್ಟಿದಾರೆ. ಬದಲಾಯಿಸಿದ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುತ್ತೆ ಅಂತ ಪೂರ್ತಿ ಇಳಿಸೋ ಹಾಗೂ ಇಲ್ವಂತೆ, ಎರಡು ಮೂರು ದಿನ ಏನೂ ಹೇಳೋಕಾಗಲ್ಲ ಅಂದ್ರು." ದನಿಯಲ್ಲಿ ಸಿಟ್ಟಿತ್ತು, ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದ ದಣಿವೂ ಇತ್ತು. "ನಿಮ್ಮ ಹತ್ರ ಮಾತಾಡೋಕೆ ನನಗೆ ಇಷ್ಟ ಇಲ್ಲ. ಅಮ್ಮ ಕೇಳು ಅಂದ್ರು ಅಂತ ಮಾಡಿದೆ. ಎಷ್ಟು ಕಡೆ ನೋಡಿ ಆಯ್ತು?"

"ಒಂದು," ಎಂದಳು ಅತ್ತಿಗೆ. "ಇನ್ನು ಮೂರಿದೆ. ಎರಡನೇ ಕಡೆ ಬಾಗಿಲಲ್ಲಿ ನಿಂತಿದೀವಿ ಅಂತ ಹೇಳಿ."

ಅವನು ಫೋನ್ ಇಟ್ಟ. ಒಳಗೆ ಕಿಯೋಸ್ಕಿನ ಮುಂದೆ ಇಬ್ಬರು ಚೀಟಿಗಾಗಿ ಕಾದು ನಿಂತಿದ್ದರು. ನಾದಿನಿ ಅವರ ಹತ್ತಿರ ಹೋಗಿ, "ಒಂದು ನಿಮಿಷ, ಏನೂ ತಗೋಬೇಡಿ," ಎಂದಳು.